ತ್ರೈಮಾಸಿಕ ಪರಿಶೀಲನಾ ಸಭೆಯ ಕಾರ್ಯಸೂಚಿ

“ನಮ್ಮ ಸಣ್ಣ ಕಾರ್ಖಾನೆಯ ತ್ರೈಮಾಸಿಕ ಸಭೆ ಎರಡು ಗಂಟೆಯಲ್ಲಿ ಮುಗಿಯುವುದೇ ಇಲ್ಲ, ತೀರ್ಮಾನವೂ ಆಗುವುದಿಲ್ಲ. ಕಾರ್ಯಸೂಚಿ ಹೇಗಿರಬೇಕು?”

ಕಾರ್ಯಸೂಚಿಯಲ್ಲಿ ‘ಬಾಕಿ ವಸೂಲಿ’ ಎಂದಷ್ಟೇ ಬರೆದರೆ ಎಲ್ಲರೂ ಆ ಬಗ್ಗೆ ಮಾತನಾಡಿ ಎದ್ದು ಹೋಗುತ್ತಾರೆ. ಅದರ ಬದಲು ‘60 ದಿನ ಮೀರಿ ಬಾಕಿ ಉಳಿಸಿಕೊಂಡವರಿಗೆ ಉದ್ರಿ ಸರಕು ನಿಲ್ಲಿಸಬೇಕೇ? ತೀರ್ಮಾನಿಸುವವರು: ವ್ಯವಸ್ಥಾಪಕರು, 30 ನಿಮಿಷ’ ಎಂದು ಬರೆಯಿರಿ. ಇಂಥ ಪ್ರಶ್ನೆಗಳು ಮೂರಕ್ಕಿಂತ ಹೆಚ್ಚಿರದಿರಲಿ, ಮತ್ತು ಅವು ಮೊದಲೇ ಬರಲಿ. ಏಕೆಂದರೆ ವಿಭಾಗವಾರು ವರದಿಗಳಿಂದ ಆರಂಭಿಸಿದ ಸಭೆಯಲ್ಲಿ ಕಷ್ಟದ ವಿಷಯ ಊಟದ ಹೊತ್ತಿಗೆ ಬಂದು, ಮುಂದಿನ ತ್ರೈಮಾಸಿಕಕ್ಕೆ ಜಾರುತ್ತದೆ.

ಪ್ರತಿ ಪ್ರಶ್ನೆಗೂ ಎರಡು ಪುಟ ಮೀರದ ಟಿಪ್ಪಣಿಯನ್ನು ಮೂರು ದಿನ ಮುಂಚೆ ಕಳುಹಿಸಿ. ಮೇಲಿನ ಉದಾಹರಣೆಯಲ್ಲಾದರೆ ಗ್ರಾಹಕವಾರು ಬಾಕಿಯ ಪಟ್ಟಿ, ಸರಕು ನಿಲ್ಲಿಸಿದರೆ ಕೈತಪ್ಪಬಹುದಾದ ಮಾರಾಟ, ಮತ್ತು ಟಿಪ್ಪಣಿ ಬರೆದವರ ಶಿಫಾರಸು ಅದರಲ್ಲಿರಬೇಕು. ಓದದೆ ಬರುವವರು ಇದ್ದೇ ಇರುತ್ತಾರೆ (ಬಹುಮಟ್ಟಿಗೆ ಹಿರಿಯರೇ), ಆದ್ದರಿಂದ ಆ 30 ನಿಮಿಷದಲ್ಲಿ ಮೊದಲ 5 ನಿಮಿಷವನ್ನು ಮೌನ ಓದಿಗೆ, 20 ನಿಮಿಷವನ್ನು ಚರ್ಚೆಗೆ, ಕೊನೆಯ 5 ನಿಮಿಷವನ್ನು ತೀರ್ಮಾನವನ್ನು ಬರೆದು ಓದಿ ಹೇಳುವುದಕ್ಕೆ ಮೀಸಲಿಡಿ. ಟಿಪ್ಪಣಿಯಲ್ಲಿರುವ ಅಂಕಿಗಳನ್ನೇ ಯಾರಾದರೂ ಪರದೆಯ ಮೇಲೆ ತೋರಿಸಿ ವಿವರಿಸತೊಡಗಿದರೆ ಅಲ್ಲಿಯೇ ತಡೆಯಿರಿ. ಎರಡು ಗಂಟೆಯಲ್ಲಿ 15 ನಿಮಿಷವನ್ನು ಯಾವ ವಿಷಯಕ್ಕೂ ಹಂಚದೆ ಉಳಿಸಿಕೊಳ್ಳಿ.