ಯುಕೆಜಿ ಮಕ್ಕಳ ‘ನೋಡಿ ಬರೆ’ ಪುಸ್ತಕಕ್ಕೆ ಅಂಕ ಹಾಕುವ ಬಗೆ

ಪ್ರಶ್ನೆ: “ಅಕ್ಕಂದಿರೇ, ಅಣ್ಣಂದಿರೇ, ಕೊಪ್ಪಳ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಈ ವರ್ಷ ಯುಕೆಜಿಗೆ ಅತಿಥಿ ಶಿಕ್ಷಕಿಯಾಗಿ ಸೇರಿದ್ದೇನೆ. ಇದೇ ತೋಟಗಾರಿಕೆ ಗುಂಪಿನಲ್ಲಿ ಕೇಳಿಕೊಂಡು ಮಕ್ಕಳಿಂದ ಲೋಟದಲ್ಲಿ ಕಾಳು ಮೊಳೆಸಿದೆ. ಅವರು ಅದರ ಚಿತ್ರ ಬರೆದು ಭಾಗಗಳಿಗೆ ಹೆಸರು ಹಾಕಿದ್ದಾರೆ. 32 ಪುಸ್ತಕಗಳಿವೆ. ಹತ್ತಕ್ಕೆ ಅಂಕ ಹಾಕಿ ಎಂದು ಮುಖ್ಯ ಗುರುಗಳು ಹೇಳುತ್ತಾರೆ. ಏನು ನೋಡಿ ಅಂಕ ಹಾಕಲಿ?”

ತಂಗಿ, ನಾನು ಇಪ್ಪತ್ತು ವರ್ಷ ಸಣ್ಣ ಮಕ್ಕಳಿಗೆ ಕಲಿಸಿ ಈಗ ಬೆಂಡೆ, ಬದನೆ ಬೆಳೆಸಿಕೊಂಡು ಕುಳಿತವಳು. ನಾನು ಮೂರೇ ಸಂಗತಿ ನೋಡುತ್ತಿದ್ದೆ: ಮಗು ಕಂಡದ್ದು ಚಿತ್ರದಲ್ಲಿ ಬಂದಿದೆಯೇ, ಹೆಸರಿನ ಗೆರೆ ಸರಿಯಾದ ಜಾಗಕ್ಕೆ ತಾಗಿದೆಯೇ, ಕೇಳಿದರೆ ಮಗು ಏನು ಹೇಳುತ್ತದೆ. ಒಂದೊಂದಕ್ಕೆ ಸೊನ್ನೆ, ಒಂದು ಅಥವಾ ಎರಡು. ಅಷ್ಟೇ.

ನಿಮ್ಮ ಪ್ರಶ್ನೆಗೆ ಗುಂಪಿನ ಡ್ರಾಯಿಂಗ್ ಮಾಸ್ತರರು ನನಗಿಂತ ಮೊದಲೇ ಉತ್ತರಿಸಿ, ಶುಚಿತ್ವಕ್ಕೆ ಐದು ಅಂಕ, ಬಣ್ಣ ಗೆರೆಯ ಒಳಗೆ ನಿಂತರೆ ಮೂರು ಎಂದು ಬರೆದಿದ್ದಾರೆ. ಒಂದು ಪುಟಕ್ಕೆ ಒಂದೇ ವಸ್ತು, ಮೇಲೆ ತಾರೀಖು ಎಂದದ್ದು ನೂರಕ್ಕೆ ನೂರು ಸರಿ. ಆದರೆ ಉಳಿದದ್ದು ಚಿತ್ರಕಲಾ ಸ್ಪರ್ಧೆಯ ಅಳತೆ. ಬಣ್ಣದ ಡಬ್ಬಿ ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಹಸಿರು ಬಳಪ ಮುಗಿದಿರುತ್ತದೆ, ಮಗು ನೀಲಿ ಎಲೆ ಬರೆಯುತ್ತದೆ. ಅದಕ್ಕೆ ಅಂಕ ಕಳೆದರೆ ಕಳೆದದ್ದು ಯಾರದು? ಗಾತ್ರವೂ ಹಾಗೆಯೇ. ಐದು ವರ್ಷದ ಮಗು ತನಗೆ ದೊಡ್ಡದೆನಿಸಿದ್ದನ್ನು ದೊಡ್ಡದಾಗಿ ಬರೆಯುತ್ತದೆ. ಬೇರು ಪುಟದ ಮುಕ್ಕಾಲು ಪಾಲು ತುಂಬಿದ್ದರೆ, ಆ ದಿನ ಅದರ ಕಣ್ಣು ಬೇರಿನ ಮೇಲಿತ್ತು ಎಂದು ತಿಳಿಯಿರಿ. ಬೇರು ಕೆಳಗೆ, ಎಲೆ ಮೇಲೆ, ನಡುವೆ ಕಾಂಡ, ಈ ಕ್ರಮ ಇದ್ದರೆ ಸಾಕು.

ಚಿತ್ರಕ್ಕೆ ಅಂಕ ಹಾಕುವುದು ಹೀಗೆ. ಗುಡಿಸಲು, ಮೂಲೆಯಲ್ಲಿ ಸೂರ್ಯ, ನಡುವೆ ಹೂವಿನ ಗಿಡ ಇದ್ದರೆ ಸೊನ್ನೆ, ಎಷ್ಟು ಚೆಂದವಿದ್ದರೂ ಸೊನ್ನೆ. ಅದು ಲೋಟದೊಳಗಿನ ಕಾಳಲ್ಲ, ಕೈಗೆ ರೂಢಿಯಾದ ಚಿತ್ರ. ಬೇರು, ಕಾಂಡ, ಎಲೆ ಗುರುತು ಸಿಗುವಂತಿದ್ದರೆ ಒಂದು. ಆ ದಿನ, ಆ ಲೋಟವನ್ನು ನೋಡದೆ ಬರೆಯಲು ಆಗದಂಥ ಒಂದೇ ಒಂದು ವಿವರ ಇದ್ದರೂ ಎರಡು. ಬೇರಿನ ಮೇಲಿನ ನವಿರು, ಕೊಡೆಯ ಹಿಡಿಯಂತೆ ಬಾಗಿದ ಕಾಂಡ, ಬೇಳೆಗೆ ಅಂಟಿಕೊಂಡೇ ಇರುವ ಸಿಪ್ಪೆ, ಇಂಥದ್ದು.

ಹೆಸರಿನ ವಿಷಯಕ್ಕೆ ಬಂದರೆ, ನೋಡಬೇಕಾದದ್ದು ಗೆರೆ, ಅಕ್ಷರ ಆಮೇಲೆ. ಹೆಸರುಗಳೆಲ್ಲ ಪುಟದ ಬದಿಯಲ್ಲಿ ಪಟ್ಟಿಯಾಗಿದ್ದು ಯಾವುದೂ ಚಿತ್ರಕ್ಕೆ ತಾಗದಿದ್ದರೆ ಸೊನ್ನೆ. ಒಂದು ಹೆಸರು ಸರಿಯಾದ ಭಾಗಕ್ಕೆ ತಾಗಿದ್ದರೆ ಒಂದು, ಎರಡೋ ಹೆಚ್ಚೋ ತಾಗಿದ್ದರೆ ಎರಡು. ಈ ವಯಸ್ಸಿನಲ್ಲಿ ಅಕ್ಷರ ಬಂದರೂ ಕಾಗುಣಿತ ಬಂದಿರುವುದಿಲ್ಲ. ಬೇರು ‘ಬರ’ ಆಗುತ್ತದೆ, ಎಲೆ ‘ಎಲ’ ಆಗುತ್ತದೆ, ಕಾಂಡ ‘ಕಡ’ ಆಗುತ್ತದೆ. ಬಾಯಲ್ಲಿ ಹೇಳಿಕೊಂಡು ಓದಿದರೆ ಕಿವಿಗೆ ಹತ್ತಿರ ಬರುತ್ತದೆಯೇ? ಪೂರ್ತಿ ಒಪ್ಪಿಕೊಳ್ಳಿ. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೂ ಅಂಕ ಕಳೆಯಬೇಡಿ. ರಾಯಚೂರು ಕಡೆಯ ಶಾಲೆಯಲ್ಲಿದ್ದಾಗ ತೆಲುಗು ಮನೆಯ ಮಕ್ಕಳು ‘ವೇರು’ ಎಂದೂ ಉರ್ದು ಮನೆಯವರು ‘ಜಡ್’ ಎಂದೂ ಹೇಳುತ್ತಿದ್ದರು. ಗೆರೆ ಬೇರಿಗೇ ತಾಗಿತ್ತು. ಅಂಕ ಕೊಟ್ಟೆ, ಆಮೇಲೆ ಕನ್ನಡದ ಹೆಸರನ್ನೂ ಹೇಳಿಕೊಟ್ಟೆ.

ಮೂರನೆಯದು ಮಾತು. ಪುಸ್ತಕ ಮುಂದಿಟ್ಟುಕೊಂಡು “ಇಲ್ಲಿ ಏನಾಗಿದೆ, ಹೇಳು” ಎಂದಷ್ಟೇ ಕೇಳಿ. “ಇದು ಬೇರು ಅಲ್ಲವೇ?” ಎಂದು ಕೇಳಿದರೆ ಎಲ್ಲ ಮಕ್ಕಳೂ ಹೌದೆನ್ನುತ್ತಾರೆ, ನಿಮಗೆ ಏನೂ ತಿಳಿಯುವುದಿಲ್ಲ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಪುಟದ ಕೆಳಗೆ ಬರೆಯಿರಿ, ತಿದ್ದಬೇಡಿ. ಸುಮ್ಮನಿದ್ದರೆ ಅಥವಾ ಬೇರೇನೋ ಹೇಳಿದರೆ ಸೊನ್ನೆ. ಕಂಡದ್ದನ್ನು ಹೇಳಿದರೆ ಒಂದು. “ಮೊನ್ನೆ ಇರಲಿಲ್ಲ, ಇವತ್ತು ಬಂತು” ಎಂದು ಹಿಂದಿನ ದಿನದ ಜೊತೆ ಹೋಲಿಸಿದರೆ ಎರಡು. ನಾಚಿಕೆಯ ಮಕ್ಕಳು ಮೊದಲ ಸಲ ಬಾಯಿ ಬಿಡುವುದಿಲ್ಲ. ಅಂಥವರಿಗೆ ಸೊನ್ನೆ ಹಾಕುವ ಬದಲು ಆ ಜಾಗ ಖಾಲಿ ಬಿಟ್ಟು ಮಾರನೆಯ ದಿನ ಲೋಟದ ಹತ್ತಿರವೇ ನಿಲ್ಲಿಸಿ ಕೇಳಿ.

ಒಂದು ಪುಟ ಹೇಳುತ್ತೇನೆ. ಹೆಸರುಕಾಳನ್ನು ರಾತ್ರಿ ನೆನೆಸಿ, ಪ್ಲಾಸ್ಟಿಕ್ ಲೋಟದ ಗೋಡೆಗೂ ಒದ್ದೆ ಹತ್ತಿಗೂ ನಡುವೆ ಸಿಕ್ಕಿಸಿದ್ದೆವು. ಹಾಗೆ ಮಾಡಿದರೆ ಬೇರು ಹೊರಗಿನಿಂದಲೇ ಕಾಣುತ್ತದೆ. ಐದನೆಯ ದಿನದ ಪುಟದಲ್ಲಿ ಒಬ್ಬಳು ಹುಡುಗಿ ಬಾಗಿದ ಕೋಲು ಬರೆದು, ತುದಿಗೆ ಎರಡು ಉಂಡೆ ಇಟ್ಟು, ಒಂದು ಉಂಡೆಯ ಮೇಲೆ ಸಣ್ಣ ಹಸಿರು ಗೀಟು ಎಳೆದಿದ್ದಳು. ಕೆಳಗಿನ ಗೆರೆಯ ತುದಿಯಲ್ಲಿ ‘ಬರ’. ಹಸಿರು ಗೀಟಿಗೆ ತಾಗಿದ ಗೆರೆಯ ತುದಿಯಲ್ಲಿ ‘ಟಪ’. ಓದಲಾಗದೆ ಕೇಳಿದೆ. “ಟೊಪ್ಪಿ ಅಕ್ಕಾವರೇ, ನಿನ್ನೆ ಎರಡಕ್ಕೂ ಇತ್ತು, ಇವತ್ತು ಒಂದರದು ಬಿತ್ತು” ಎಂದಳು. ಲೋಟ ನೋಡಿದರೆ ನಿಜ. ಕಾಳಿನ ಸಿಪ್ಪೆ ಒಂದು ಬೇಳೆಯ ತುದಿಗೆ ಮಾತ್ರ ಸಿಕ್ಕಿಕೊಂಡಿತ್ತು, ನನಗೇ ಕಂಡಿರಲಿಲ್ಲ. ಜೊತೆಗಿದ್ದ ಶಿಕ್ಷಕಿ ಟೊಪ್ಪಿ ಎಂಬುದು ವಿಜ್ಞಾನದ ಹೆಸರಲ್ಲ, ಅರ್ಧ ಅಂಕ ಕಳೆಯೋಣ ಎಂದರು. ನಾನು ಕಳೆಯಲಿಲ್ಲ. ಗೆರೆ ಹೋಗಬೇಕಾದಲ್ಲಿಗೇ ಹೋಗಿತ್ತು. 2-2-2. ಸಿಪ್ಪೆ ಎಂಬ ಮಾತನ್ನು ಮಾರನೆಯ ದಿನ ಕಲಿಸಿದೆವು.

ಈಗ ನನ್ನದೇ ತಪ್ಪು. ಇದನ್ನು ಹೇಳಲೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಮಕ್ಕಳಿಗೆ ಸುಲಭವಾಗಲೆಂದು ನಾನು ಮೊದಲೇ ಬೋರ್ಡಿನ ಮೇಲೆ ಮೊಳಕೆಯ ಚಿತ್ರ ಬರೆದಿದ್ದೆ: ಕೆಳಗೆ ಬೇರು, ಮೇಲೆ ಎರಡು ದಪ್ಪ ಬೇಳೆ, ನಡುವಿನಿಂದ ಎಲೆ. ಹೆಸರುಕಾಳು ಮೊಳೆಯುವುದು ಹಾಗೆಯೇ. ಒಬ್ಬ ಹುಡುಗ ಮನೆಯಿಂದ ತೊಗರಿ ತಂದು ಮಣ್ಣಿನ ಕುಡಿಕೆಯಲ್ಲಿ ಹಾಕಿದ್ದ. ಅವನ ಪುಟದಲ್ಲಿ ಮಣ್ಣಿನ ಮೇಲೆ ಬೇಳೆಯೇ ಇಲ್ಲ, ತೆಳುವಾದ ಕಾಂಡ ಮತ್ತು ಎರಡು ಎಲೆ ಮಾತ್ರ. ನೋಡದೆ ಬರೆದಿದ್ದಾನೆ ಎಂದು ಸೊನ್ನೆ ಹಾಕಿದೆ. ಹುಡುಗ ಅಳಲಿಲ್ಲ, ವಾದವನ್ನೂ ಮಾಡಲಿಲ್ಲ. ಕುಡಿಕೆ ತಂದು ನನ್ನ ಮೇಜಿನ ಮೇಲಿಟ್ಟು ಹೋದ. ಗಿಡ ಕಿತ್ತು ನೋಡಿದೆ. ಎರಡೂ ಬೇಳೆ ಮಣ್ಣಿನೊಳಗೆ ಬೇರಿನ ಬುಡದಲ್ಲೇ ಕುಳಿತಿದ್ದವು. ತೊಗರಿ, ಕಡಲೆ ಎರಡೂ ಬೇಳೆಯನ್ನು ಮಣ್ಣಿನಲ್ಲೇ ಬಿಟ್ಟು ಕುಡಿಯನ್ನಷ್ಟೇ ಮೇಲಕ್ಕೆ ಕಳಿಸುತ್ತವೆ. ಹೆಸರು, ಉದ್ದು, ಅಲಸಂದೆ ಬೇಳೆಯನ್ನು ಹೊತ್ತುಕೊಂಡೇ ಮೇಲೆ ಬರುತ್ತವೆ. ತೊಗರಿ ಬೆಳೆಯುವ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರಬೇಕಿತ್ತು. ಸೊನ್ನೆ ಹೊಡೆದು ಎರಡು ಹಾಕಿದೆ.

ಆದ್ದರಿಂದ ಅಂಕ ಹಾಕುವಾಗ ಪುಸ್ತಕದ ಪಕ್ಕದಲ್ಲಿ ಲೋಟ ಇರಲೇಬೇಕು, ಬೋರ್ಡಿನ ಚಿತ್ರ ಇರಲೇಬಾರದು. ನೀವು ಯಾವ ಕಾಳು ಹಾಕಿಸಿದಿರಿ ಎಂದು ಬರೆದಿಲ್ಲ. ಬೇರೆ ಬೇರೆ ಕಾಳು ಇದ್ದರೆ ಪುಟದ ಮೂಲೆಯಲ್ಲಿ ಅದರ ಹೆಸರು ನೀವೇ ಬರೆದಿಡಿ. ಇನ್ನೊಂದು, ಹೆಸರುಕಾಳಿನ ಬೇಳೆ ಕೆಲವು ದಿನಗಳಾದ ಮೇಲೆ ಸುಕ್ಕಾಗಿ ಉದುರುತ್ತದೆ, ಅದರಲ್ಲಿದ್ದ ಆಹಾರವನ್ನು ಗಿಡ ತಿಂದಿರುತ್ತದೆ. ಚಿತ್ರ ಬರೆದು ವಾರವಾದ ಮೇಲೆ ನೀವು ನೋಡಲು ಕುಳಿತರೆ ಗಿಡ ಒಂದು ಹೇಳುತ್ತದೆ, ಪುಟ ಇನ್ನೊಂದು. ಕುಷ್ಟಗಿಯ ದಾಳಿಂಬೆ ಅಣ್ಣನವರು ನಿಮ್ಮ ಪ್ರಶ್ನೆಯನ್ನು ತೋಟದ ಲೆಕ್ಕದ ಪುಸ್ತಕ ಎಂದುಕೊಂಡು ಔಷಧಿ ಹೊಡೆದ ದಾಖಲೆ ಇಡುವ ಬಗೆ ಬರೆದಿದ್ದಾರೆ. ಓದಿ ನಕ್ಕೆ, ಅಣ್ಣ ಬೇಸರ ಮಾಡಿಕೊಳ್ಳಬಾರದು. ಆದರೆ ಅವರ ಒಂದು ಮಾತು ನಿಮಗೂ ಬೇಕು: ಹೊಡೆದ ದಿನವೇ ಬರೆಯಿರಿ, ನಾಳೆ ನೆನಪಿರುವುದಿಲ್ಲ. 32 ಪುಸ್ತಕಗಳನ್ನು ಒಂದೇ ಸಂಜೆ ಮುಗಿಸಬೇಡಿ. ದಿನಕ್ಕೆ ಐದಾರು ಮಕ್ಕಳಿಂದ ಬರೆಸಿ, ಅವತ್ತೇ ಒಬ್ಬೊಬ್ಬರ ಜೊತೆ ಎರಡು ನಿಮಿಷ ಕೂತರೆ ವಾರದಲ್ಲಿ ಮುಗಿಯುತ್ತದೆ.

ನಕಲು ಕಂಡುಹಿಡಿಯುವುದು ಕಷ್ಟವಲ್ಲ. ಹತ್ತು ಪುಸ್ತಕಗಳಲ್ಲಿ ಗಿಡ ಒಂದೇ ಕಡೆಗೆ ಬಾಗಿದ್ದರೆ, ಹೆಸರುಗಳು ಒಂದೇ ಕ್ರಮದಲ್ಲಿದ್ದರೆ, ಮೂಲ ಬೋರ್ಡಿನಲ್ಲಿದೆ. ಒತ್ತಕ್ಷರ ಸಹಿತ ‘ಸಿಪ್ಪೆ’ ಎಂದು ದುಂಡಗೆ ಬರೆದಿದ್ದರೆ ಅಮ್ಮನ ಕೈ ಆಡಿದೆ. ಮಗುವನ್ನು ಬೈಯಬೇಡಿ, ನಿಜವಾದ ಗಿಡ ಕೈಗೆ ಕೊಟ್ಟು “ಇದರಲ್ಲಿ ಎಲ್ಲಿದೆ, ಮುಟ್ಟು” ಎನ್ನಿ. ಮುಟ್ಟಿದರೆ ಹೆಸರು ಮಗುವಿನದೇ. ಇಲ್ಲಿ ನನಗೂ ಆ ಜೊತೆಯ ಶಿಕ್ಷಕಿಗೂ ಇಂದಿಗೂ ಒಮ್ಮತವಿಲ್ಲ. ಗೋಡೆಯ ಚಾರ್ಟಿನಿಂದ ‘ಎಲೆ’ ಎಂದು ನೋಡಿ ಬರೆದು ಸರಿಯಾದ ಜಾಗಕ್ಕೆ ಗೆರೆ ಎಳೆದರೆ ಪೂರ್ತಿ ಅಂಕ ಎನ್ನುತ್ತೇನೆ ನಾನು, ಏಕೆಂದರೆ ಬೇಕಾದ ಪದವನ್ನು ಹುಡುಕಿದ್ದು ಮಗು. ಸ್ವಂತ ‘ಎಲ’ ಬರೆದವಳಿಗೂ ಇವಳಿಗೂ ಒಂದೇ ಅಂಕವೇ ಎಂಬುದು ಅವರ ತಕರಾರು. ಅವರು ಕೇಳುವುದರಲ್ಲೂ ಹುರುಳಿದೆ. ನಿಮ್ಮ ತರಗತಿಯಲ್ಲಿ ಯಾವುದಾದರೂ ಒಂದನ್ನು ಹಿಡಿಯಿರಿ, ನಡುವೆ ಬದಲಿಸಬೇಡಿ.

ಮೂರು ಅಂಕಿಗಳನ್ನು ಕೂಡಿಸಬೇಡಿ. 2-0-2 ಪಡೆದವನೂ 1-2-1 ಪಡೆದವಳೂ ಕೂಡಿಸಿದರೆ ನಾಲ್ಕೇ. ಮೊದಲನೆಯವನ ಕಣ್ಣು, ಬಾಯಿ ಚುರುಕು, ಅವನಿಗೆ ಗೆರೆ ಎಳೆಯುವುದನ್ನು ತೋರಿಸಿಕೊಡಬೇಕು. ಎರಡನೆಯವಳಿಗೆ ಹೆಸರುಗಳು ಗೊತ್ತು, ಅವಳನ್ನು ಲೋಟದ ಮುಂದೆ ಇನ್ನಷ್ಟು ಹೊತ್ತು ಕೂರಿಸಬೇಕು. ಮುಖ್ಯ ಗುರುಗಳು ಹತ್ತಕ್ಕೇ ಬೇಕು ಎಂದು ಹಟ ಹಿಡಿದರೆ ಏನು ಮಾಡಬೇಕೆಂದು ನನಗೆ ತೋಚುವುದಿಲ್ಲ. ನಾನು ಮೂರು ಅಂಕಿಗಳನ್ನೇ ಬರೆದು ಕಳಿಸುತ್ತಿದ್ದೆ. ಒಬ್ಬ ಗುರುಗಳು ಒಪ್ಪಿದರು, ಅವರ ನಂತರ ಬಂದವರು ವಾಪಸ್ ಕಳಿಸಿದರು.

ಎಲ್‌ಕೆಜಿ ಮಕ್ಕಳೂ ನಿಮ್ಮ ಕೋಣೆಯಲ್ಲೇ ಇದ್ದರೆ ಅವರಿಂದ ಅಕ್ಷರ ನಿರೀಕ್ಷಿಸಬೇಡಿ. ಮಗು ಹೇಳಿದ ಹೆಸರನ್ನು ನೀವು ಚೀಟಿಯಲ್ಲಿ ಬರೆದುಕೊಡಿ, ಅದು ಅಂಟಿಸಿ ಗೆರೆ ಎಳೆಯಲಿ. ನಿಮ್ಮ ಕೈಬರಹದ ಸುತ್ತ ಒಂದು ಸುತ್ತು ಹಾಕಿಡಿ, ಮುಂದಿನ ವರ್ಷ ನೋಡುವವರಿಗೆ ಯಾರು ಬರೆದದ್ದು ಎಂದು ತಿಳಿಯಲಿ.

ಶುರು ಮಾಡುವ ಮೊದಲು ಐದು ಪುಟಗಳ ಫೋಟೊ ಇಲ್ಲಿ ಹಾಕಿ, ಮಕ್ಕಳ ಹೆಸರು ಮುಚ್ಚಿರಿ. ಪ್ರತಿ ಪುಟದ ಜೊತೆ ಅವತ್ತಿನ ಲೋಟದ ಫೋಟೊವೂ ಇರಲಿ. ಮೊದಲ ಎರಡು ಅಂಕಿಗಳನ್ನು ನಾನೂ ಹಾಕುತ್ತೇನೆ, ಡ್ರಾಯಿಂಗ್ ಮಾಸ್ತರರೂ ಹಾಕಲಿ, ಒಬ್ಬರದು ಒಬ್ಬರು ನೋಡದೆ ನಿಮಗೆ ಕಳಿಸುತ್ತೇವೆ. ಎಲ್ಲಿ ನಮ್ಮಿಬ್ಬರ ಅಂಕಿ ಬೇರೆಯಾಗುತ್ತದೋ ಅಲ್ಲಿ ನಾನು ಮೇಲೆ ಬರೆದ ಮಾತು ಸಡಿಲವಾಗಿದೆ ಎಂದು ಅರ್ಥ, ಅದನ್ನು ತಿದ್ದೋಣ.