‘2/10’ ಎಂದರೆ ಅಕ್ಟೋಬರ್ 2 ಅಲ್ಲ

ಪ್ರಶ್ನೆ: ತುಮಕೂರಿನ ಅಂತರಸನಹಳ್ಳಿಯಲ್ಲಿ ನಮ್ಮದು ಸಣ್ಣ ಲೇತ್ ವರ್ಕ್‌ಶಾಪ್. ಪೀಣ್ಯದ ಆರು ಕಾರ್ಖಾನೆಗಳಿಗೆ ಬುಷ್, ಪಿನ್ ಮಾಡಿಕೊಡುತ್ತೇವೆ. ಎಲ್ಲರೂ ಹಳೇ ಪಾರ್ಟಿಗಳು, 45 ದಿನದ ಉದ್ರಿ. ಹಣ ಬೇಗ ಬರಲಿ ಅಂತ ಬಿಲ್ ಕೆಳಗೆ ‘2/10, ನೆಟ್ 45’ ಅಂತ ಹಾಕಿದೆ. ಒಬ್ಬರು ಫೋನ್ ಮಾಡಿ ‘ಅಕ್ಟೋಬರ್ 2ಕ್ಕೆ ಏನು ವಿಶೇಷ?’ ಎಂದರು. ಇನ್ನೊಬ್ಬರು ಜಿಎಸ್‌ಟಿ ಸೇರಿದ ಮೊತ್ತದ ಮೇಲೆ ಶೇ 2 ಹಿಡಿದುಕೊಂಡರು. ಮತ್ತೊಬ್ಬರು 22ನೇ ದಿನ ಕೊಟ್ಟು, ಆಗಲೂ ಹಿಡಿದುಕೊಂಡರು. ಮನಸ್ತಾಪ ಆಗದ ಹಾಗೆ ಇದನ್ನು ಹೇಗೆ ವಿವರಿಸಲಿ?

ಉತ್ತರ: ಆ ಫೋನ್ ಮಾಡಿದವರ ತಪ್ಪೇನೂ ಇಲ್ಲ. ‘2/10, ನೆಟ್ 45’ ಎನ್ನುವುದು ಕಾಮರ್ಸ್ ಪುಸ್ತಕದ ಸಂಕೇತ: 10 ದಿನದೊಳಗೆ ಕೊಟ್ಟರೆ ಶೇ 2 ರಿಯಾಯಿತಿ, ಇಲ್ಲದಿದ್ದರೆ 45 ದಿನದೊಳಗೆ ಪೂರ್ತಿ ಮೊತ್ತ. ಬಿಲ್ ಓದುವವರು ಕಾರ್ಖಾನೆಯ ಅಕೌಂಟ್ಸ್ ಹುಡುಗರು, ದಿನಕ್ಕೆ ಐವತ್ತು ಬಿಲ್ ನೋಡುವವರು. ಅವರಿಗೆ ಬೇಕಾಗಿರುವುದು ಎರಡೇ: ಯಾವ ತಾರೀಕು, ಎಷ್ಟು ರೂಪಾಯಿ. ಶೇಕಡಾ ಲೆಕ್ಕ ಅವರ ಕೈಗೆ ಬಿಟ್ಟರೆ ಆರು ಪಾರ್ಟಿ ಆರು ಥರ ಲೆಕ್ಕ ಹಾಕುತ್ತಾರೆ. ಲೆಕ್ಕ ನೀವೇ ಮಾಡಿ ಉತ್ತರ ಮಾತ್ರ ಬರೆಯಿರಿ.

ಒಂದು ಬಿಲ್ ತೆಗೆದುಕೊಳ್ಳೋಣ. ಜೂನ್ 2ರ ಬಿಲ್, ಮಾಲಿನ ಬೆಲೆ ₹1,00,000, ಶೇ 18 ಜಿಎಸ್‌ಟಿ ₹18,000, ಒಟ್ಟು ₹1,18,000. ಬಿಲ್ ಕೆಳಗೆ ಹೀಗೆ ಹಾಕಿ:

‘ಜೂನ್ 12ರೊಳಗೆ ನಮ್ಮ ಖಾತೆಗೆ ಹಣ ಜಮಾ ಆದರೆ ₹1,16,000 ಕೊಟ್ಟರೆ ಸಾಕು. ಜೂನ್ 13ರಿಂದ ಪೂರ್ತಿ ₹1,18,000. ಕೊನೆಯ ದಿನ ಜುಲೈ 17. ರಿಯಾಯಿತಿ ಮಾಲಿನ ಬೆಲೆಯ ಮೇಲೆ ಮಾತ್ರ, ಜಿಎಸ್‌ಟಿ ಮೇಲೆ ಇಲ್ಲ.’

‘ಜಮಾ ಆದರೆ’ ಎಂಬ ಮಾತನ್ನು ಬಿಡಬೇಡಿ. ಚೆಕ್ ಬರೆದ ದಿನವೋ, ಕೊಟ್ಟ ದಿನವೋ, ಕ್ಲಿಯರ್ ಆದ ದಿನವೋ ಎಂಬ ಜಗಳಕ್ಕೆ ಅಲ್ಲಿಗೆ ಬಾಗಿಲು ಮುಚ್ಚುತ್ತದೆ.

ಈಗ ಜಿಎಸ್‌ಟಿ ವಿಚಾರ. ಜಾಸ್ತಿ ಗೊಂದಲ ಇರುವುದು ಇಲ್ಲೇ. ಹಣ ಬೇಗ ಬರುತ್ತದೋ ಇಲ್ಲವೋ ಬಿಲ್ ಮಾಡುವ ದಿನ ನಿಮಗೆ ಗೊತ್ತಿರುವುದಿಲ್ಲ, ಅಲ್ವಾ? ಹಾಗಾಗಿ ಬಿಲ್ಲಿನಲ್ಲೇ ಕಳೆಯುವ ಹಾಗಿಲ್ಲ, ಪೂರ್ತಿ ಮೊತ್ತಕ್ಕೇ ಬಿಲ್ ಮಾಡಬೇಕು. ಹಣ ಬಂದ ಮೇಲೆ ₹2,000ಕ್ಕೆ ಜಿಎಸ್‌ಟಿ ಇಲ್ಲದ ಕ್ರೆಡಿಟ್ ನೋಟ್ ಕಳಿಸಿ. ವ್ಯಾಪಾರದಲ್ಲಿ ಇದನ್ನು ಕಮರ್ಷಿಯಲ್ ಕ್ರೆಡಿಟ್ ನೋಟ್ ಅನ್ನುತ್ತಾರೆ. ಇದು ನಿಮ್ಮ ಜಿಎಸ್‌ಟಿ ರಿಟರ್ನ್‌ನಲ್ಲಿ ತೋರಿಸುವಂಥದ್ದಲ್ಲ. ನೀವು ₹18,000 ತೆರಿಗೆ ಪೂರ್ತಿ ಕಟ್ಟುತ್ತೀರಿ, ಪಾರ್ಟಿಯವರು ₹18,000 ಇನ್‌ಪುಟ್ ಕ್ರೆಡಿಟ್ ಪೂರ್ತಿ ಪಡೆಯುತ್ತಾರೆ. ‘ಡಿಸ್ಕೌಂಟ್ ತಗೊಂಡ್ರೆ ನಾವು ಇನ್‌ಪುಟ್ ವಾಪಸ್ ಮಾಡಬೇಕಾ?’ ಎಂದು ಅವರ ಅಕೌಂಟೆಂಟ್ ಕೇಳಿಯೇ ಕೇಳುತ್ತಾರೆ. ಈ ಥರದ ಕ್ರೆಡಿಟ್ ನೋಟ್‌ಗೆ ವಾಪಸ್ ಮಾಡಬೇಕಾಗಿಲ್ಲ ಎಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2025ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆಯನ್ನೇ ಹೊರಡಿಸಿದೆ.

ಪೂರ್ತಿ ಮೊತ್ತದ ಮೇಲೆ ಹಿಡಿದವರು ₹1,18,000ಕ್ಕೆ ಶೇ 2 ಅಂತ ₹2,360 ಕಳೆದಿರುತ್ತಾರೆ. ಹೆಚ್ಚುವರಿ ₹360 ತೆರಿಗೆಯ ಪಾಲು. ನೀವು ಅದನ್ನು ಸರ್ಕಾರಕ್ಕೆ ಕಟ್ಟುತ್ತೀರಿ, ಅವರು ಅದರ ಕ್ರೆಡಿಟ್ಟನ್ನೂ ತಗೊಂಡಿರುತ್ತಾರೆ. ಅವರಿಗೆ ಹೇಳುವಾಗ ಸೆಕ್ಷನ್ನು, ನಿಯಮ ಎಲ್ಲ ಬೇಡ. ‘ಸರ್, ಆ 360 ರೂಪಾಯಿ ನಿಮಗೆ ಜಿಎಸ್‌ಟಿ ಕ್ರೆಡಿಟ್‌ನಲ್ಲಿ ಬಂದೇ ಬಂದಿದೆ, ಅದನ್ನು ಮುಂದಿನ ಬಿಲ್ ಜೊತೆ ಸೇರಿಸಿ ಹಾಕಿ’ ಎಂದರೆ ಸಾಕು. ತೆರಿಗೆಯನ್ನೂ ಇಳಿಸುವ ಜಿಎಸ್‌ಟಿ ಕ್ರೆಡಿಟ್ ನೋಟ್ ದಾರಿಯೂ ಇದೆ. ಆದರೆ ಆಗ ಅವರು ₹360 ಕ್ರೆಡಿಟ್ ಹಿಂದಿರುಗಿಸಬೇಕು, ನೀವು ಅದಕ್ಕೆ ದಾಖಲೆ ಇಟ್ಟುಕೊಳ್ಳಬೇಕು. ಇಷ್ಟು ಸಣ್ಣ ಮೊತ್ತಕ್ಕೆ ಆ ತಲೆನೋವು ಬೇಡ ಎನ್ನುವುದು ನನ್ನ ಸಲಹೆ.

ಇನ್ನು 22ನೇ ದಿನದವರು. ಬೈಯುವ ಮೊದಲು ಒಂದು ವಿಷಯ ಕೇಳಿ ತಿಳಿದುಕೊಳ್ಳಿ: ಅವರು ಯಾವ ತಾರೀಕಿಗೆ ಪೇಮೆಂಟ್ ಹಾಕುತ್ತಾರೆ? ತುಂಬಾ ಕಾರ್ಖಾನೆಗಳು ತಿಂಗಳಿಗೆ ಎರಡೇ ಸಲ ಹಣ ಬಿಡುತ್ತವೆ, ಉದಾಹರಣೆಗೆ 10 ಮತ್ತು 25ಕ್ಕೆ. ಜೂನ್ 2ರಂದು ಮಾಲು ಹೋಯಿತು, ಸ್ಟೋರ್‌ನಲ್ಲಿ ಇಳಿಯಿತು, ಅಳತೆ ಪರೀಕ್ಷೆ ಮುಗಿದು ಬಿಲ್ ಅಕೌಂಟ್ಸ್‌ಗೆ ಬರುವಷ್ಟರಲ್ಲಿ ಏಳೆಂಟು ದಿನ ಕಳೆಯಿತು. 10ರ ಪಟ್ಟಿ ತಪ್ಪಿದರೆ ಮುಂದಿನದು 25. ಅಂದರೆ ಅವರಿಗೆ ಮನಸ್ಸಿದ್ದರೂ ನಿಮ್ಮ 10 ದಿನ ಅವರ ಕೈಗೆ ಸಿಗುವಂಥದ್ದಲ್ಲ. ಅಂಥವರಿಗೆ ‘10 ದಿನ’ ಬದಲು ಅವರ ಪಟ್ಟಿಯ ತಾರೀಕನ್ನೇ ಬರೆಯಿರಿ, ರಿಯಾಯಿತಿಯನ್ನು ಶೇ 1ಕ್ಕೆ ಇಳಿಸಿ. ಜೂನ್ 25ಕ್ಕೆ ಬಂದರೂ ನಿಮಗೆ 22 ದಿನ ಉಳಿಯುತ್ತದೆ.

ಶೇ 1 ಯಾಕೆ ಅಂದರೆ, ನಮ್ಮೂರ ಬಡ್ಡಿ ಲೆಕ್ಕದಲ್ಲೇ ನೋಡಿ. 45ನೇ ದಿನದ ಹಣ 10ನೇ ದಿನಕ್ಕೆ ಬಂದರೆ 35 ದಿನ ಮುಂಚೆ ಬಂತು. ಅದಕ್ಕೆ ಶೇ 2 ಬಿಟ್ಟರೆ ಹೆಚ್ಚುಕಡಿಮೆ ನೂರಕ್ಕೆ ತಿಂಗಳಿಗೆ ಒಂದು ಮುಕ್ಕಾಲು ರೂಪಾಯಿ ಬಡ್ಡಿ, ವರ್ಷಕ್ಕೆ ಶೇ 21. ನಿಮ್ಮ ಬ್ಯಾಂಕ್ ಓವರ್‌ಡ್ರಾಫ್ಟ್, ಅಂದರೆ ಓಡಿ ಸಾಲದ ಬಡ್ಡಿ ವರ್ಷಕ್ಕೆ ಶೇ 12 ಇದ್ದರೆ, ಅದು ತಿಂಗಳಿಗೆ ಒಂದು ರೂಪಾಯಿ. ಓಡಿ ಖಾಲಿ ಇರುವಾಗ ಶೇ 2 ಕೊಡುವುದು ನಷ್ಟ. ಓಡಿ ತುಂಬಿಹೋಗಿ ಬಾರ್ ಸ್ಟಾಕ್ ತರಲು ಕೈಸಾಲಕ್ಕೆ ಓಡಾಡುವ ಪರಿಸ್ಥಿತಿ ಇದ್ದರೆ ಮಾತು ಬೇರೆ. ಆರು ಪಾರ್ಟಿಗಳಲ್ಲಿ ಯಾರಾದರೂ ಈಗಲೇ 12ನೇ ದಿನಕ್ಕೆ ಕೊಡುತ್ತಿದ್ದಾರಾ ಎಂದು ಲೆಡ್ಜರ್ ತೆಗೆದು ನೋಡಿ. ಅವರಿಗೆ ಕೊಡುವ ಶೇ 2 ಎರಡು ದಿನಕ್ಕೆ ಕೊಟ್ಟ ಹಾಗೆ.

ಆದರೆ ತಾರೀಕು ಮೀರಿ ಹಿಡಿದ ಹಣವನ್ನು ಸುಮ್ನೆ ಬಿಡಬೇಡಿ. ನಾನು ಮೊದಲು ಲೆಕ್ಕ ಬರೆಯಲು ಸೇರಿದ ಕಡೆ ಈ ತಪ್ಪು ಮಾಡಿದ್ದೆ. ಹಳೇ ಪಾರ್ಟಿ, ಸಣ್ಣ ಮೊತ್ತ ಅಂತ ಮೂರು ಬಿಲ್‌ನಲ್ಲಿ ಕಡಿತವನ್ನು ರೌಂಡ್ ಆಫ್ ಖಾತೆಗೆ ಹಾಕಿ ಮುಚ್ಚಿಬಿಟ್ಟೆ. ಮುಂದೆ ರೇಟ್ ಮಾತಾಡಲು ಕೂತಾಗ ಆ ಪಾರ್ಟಿ, ಕಡಿತ ಕಳೆದ ಮೊತ್ತವೇ ನಮ್ಮ ಹಳೇ ರೇಟ್ ಎಂದರು. ನಮ್ಮ ಪುಸ್ತಕದಲ್ಲೂ ಹಾಗೇ ಇತ್ತು! ಯಜಮಾನರು ನನ್ನ ಮುಖ ನೋಡಿದ್ದು ಈಗಲೂ ನೆನಪಿದೆ. ಒಂದೆರಡು ದಿನ ತಡವಾದರೆ ಬಿಡಿ, ಆದರೆ ಹೀಗೆ ಬಿಡುತ್ತೇವೆ ಎಂದು ಬಿಲ್ ಮೇಲಾಗಲಿ ಮೆಸೇಜ್‌ನಲ್ಲಾಗಲಿ ಬರೆಯಬೇಡಿ. ಅದಕ್ಕಿಂತ ಜಾಸ್ತಿಯಾದರೆ ₹2,000 ಬಾಕಿಯನ್ನು ಲೆಡ್ಜರ್‌ನಲ್ಲಿ ಹಾಗೇ ಇಟ್ಟು, ಹಣ ಬಂದ ದಿನವೇ ಫೋನ್ ಮಾಡಿ. ತಿಂಗಳಾದ ಮೇಲೆ ಕೇಳಿದರೆ ಅದು ಜಗಳ ಅನ್ನಿಸುತ್ತದೆ.

ಒಂದು ಎಚ್ಚರಿಕೆ. ನಿಮ್ಮದು ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಿಕಾ ಘಟಕವಾದರೆ, ಒಪ್ಪಂದ ಏನೇ ಇರಲಿ, 45 ದಿನಕ್ಕಿಂತ ಜಾಸ್ತಿ ಉದ್ರಿ ಕಾನೂನಿನಲ್ಲಿ ಇಲ್ಲ. 60ನೇ ದಿನ ಕೊಡುವವರನ್ನು 45ಕ್ಕೆ ತರಲು ರಿಯಾಯಿತಿ ಖರ್ಚು ಮಾಡಬೇಡಿ. ಅದು ಅವರು ಹೇಗೂ ಕೊಡಬೇಕಾದ ಹಣ.

ಹೊಸ ಸಾಲನ್ನು ಬಿಲ್ ಮೇಲೆ ಹಾಕುವ ಮೊದಲು ಆರೂ ಕಡೆ ಮಾತಾಡಿ, ಯಜಮಾನರ ಜೊತೆ ಅಷ್ಟೇ ಅಲ್ಲ, ಪೇಮೆಂಟ್ ಹಾಕುವವರ ಜೊತೆಯೂ. ‘ಸರ್, ರೇಟ್ ಬದಲಾಗಿಲ್ಲ, 45 ದಿನವೂ ಹಾಗೇ ಇದೆ. ಬಿಲ್ ಮೇಲೆ ಎರಡು ಮೊತ್ತ ಇರುತ್ತೆ. ಮೊದಲ ತಾರೀಕಿಗೆ ಆದರೆ ಕಡಿಮೆದು ಹಾಕಿ, ಆಗದಿದ್ದರೆ ಎರಡನೇದು. ಸೆಪ್ಟೆಂಬರ್ ಕೊನೆವರೆಗೆ ಮಾತ್ರ ನೋಡ್ತಿದ್ದೀವಿ.’ ಇದನ್ನೇ ವಾಟ್ಸ್‌ಆ್ಯಪ್‌ನಲ್ಲೂ ಕಳಿಸಿಡಿ. ಗಡುವು ಹೇಳದೆ ಶುರು ಮಾಡಿದರೆ ನಿಲ್ಲಿಸುವ ದಿನ ಅದು ರೇಟ್ ಏರಿಸಿದ ಹಾಗೆ ಕೇಳಿಸುತ್ತದೆ.