ಬಾಡಿಗೆ ಮಾಫಿ ಬೇಡ, ಬಾಕಿ ಇಟ್ಟುಕೊಳ್ಳಿ: ಹಾಸನದ ಒಂದು ಪ್ರಕರಣ

(ಹೆಸರು, ಕೆಲಸ, ಬೀದಿ ಎಲ್ಲ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಜುಲೈ ತಿಂಗಳ ಒಂದು ಮಧ್ಯಾಹ್ನ ನನ್ನ ಹತ್ತಿರ ಸಲಹೆ ಕೇಳಲು ಬಂದವರು ಟಿಫಿನ್ ಕ್ಯಾರಿಯರ್ ಹಿಡಿದುಕೊಂಡೇ ಬಂದಿದ್ದರು. ಮಂಜುನಾಥ ಅಂತ ಇಟ್ಟುಕೊಳ್ಳೋಣ, ವಯಸ್ಸು ಮೂವತ್ತೆಂಟು. ಖಾಸಗಿ ಕಾರ್ಖಾನೆಯೊಂದರ ಡಿಸ್ಪ್ಯಾಚ್ ವಿಭಾಗದಲ್ಲಿದ್ದರು, ಕೈಗೆ 26,000 ಬರುತ್ತಿತ್ತು. ಜೂನ್ ಕೊನೆಗೆ ಹತ್ತು ಹನ್ನೆರಡು ಜನರನ್ನು ಒಟ್ಟಿಗೆ ತೆಗೆದರು, ಅದರಲ್ಲಿ ಇವರೂ ಒಬ್ಬರು. ಹೆಂಡತಿಗೆ ವಿಷಯ ಗೊತ್ತಿತ್ತು. ಮಗಳಿಗೂ ಮನೆ ಓನರ್‌ಗೂ ಗೊತ್ತಿರಲಿಲ್ಲ. ಹಾಗಾಗಿ ದಿನಾ ಬೆಳಗ್ಗೆ ಎಂಟಕ್ಕೆ ಬುತ್ತಿ ಹಿಡಿದು ಹೊರಟು, ಮಹಾರಾಜ ಪಾರ್ಕ್‌ನಲ್ಲಿ ಕೂತು, ಅಲ್ಲೇ ಊಟ ಮಾಡಿ, ಸಂಜೆ ಡ್ಯೂಟಿ ಮುಗಿದ ಹೊತ್ತಿಗೆ ಮನೆಗೆ ಹೋಗುತ್ತಿದ್ದರು. ಎರಡು ವಾರ ಹೀಗೇ ನಡೆದಿತ್ತು.

ಅವರಿಗೆ ಕಾಡುತ್ತಿದ್ದದ್ದು ಕೆಲಸಕ್ಕಿಂತ ಜಾಸ್ತಿ ಬಾಡಿಗೆ. ಮೆಟ್ಟಿಲಲ್ಲಿ ಓನರ್ ಎದುರಾದರೆ ಎದೆ ಹೊಡೆದುಕೊಳ್ಳುತ್ತದೆ ಅಂದರು. ಓನರ್ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಕೆಳಗಿನ ಮನೆಯಲ್ಲೇ ಇದ್ದಾರೆ. ಬಾಡಿಗೆ 8,500, ಅಡ್ವಾನ್ಸ್ 60,000.

"ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳಿ ಅಂದುಬಿಡ್ತೀನಿ ಸರ್, ಏಳು ತಿಂಗಳು ತಲೆಬಿಸಿ ಇರಲ್ಲ" ಅಂದರು.

ಕೆಲಸ ಕಳೆದುಕೊಂಡು ಬಂದವರಲ್ಲಿ ಹೆಚ್ಚಿನವರು ಮೊದಲು ಹೇಳುವುದೇ ಇದು. ಕೇಳಲು ಸರಿ ಅನಿಸುತ್ತದೆ, ನಮ್ಮದೇ ದುಡ್ಡು ತಾನೆ? ಆದರೆ ಓನರ್ ಕಡೆಯಿಂದ ನೋಡಿ. ಅಡ್ವಾನ್ಸ್ ಕರಗುತ್ತಾ ಹೋದ ಹಾಗೆ ಅವರ ಕೈಯಲ್ಲಿ ಹಿಡಿತ ಉಳಿಯುವುದಿಲ್ಲ, ಕೊನೆಗೆ ಬಾಡಿಗೆಯೂ ಇಲ್ಲ, ಅಡ್ವಾನ್ಸೂ ಇಲ್ಲ, ಮನೆಯೂ ಖಾಲಿ ಇಲ್ಲ ಅನ್ನುವ ಸ್ಥಿತಿ ಬಂದೀತು ಅನ್ನುವುದು ಅವರ ಹೆದರಿಕೆ. ಬಾಡಿಗೆದಾರರಿಗೂ ಅದು ಒಳ್ಳೆಯದಲ್ಲ. ಚಿಕ್ಕ ಮನೆಗೆ ಹೋಗಲೇಬೇಕಾಗಿ ಬಂದರೆ ಅಲ್ಲಿಯ ಅಡ್ವಾನ್ಸ್ ಎಲ್ಲಿಂದ ತರುವುದು? ಅದನ್ನು ಮುಟ್ಟಬೇಡಿ, ಆದರೆ ಅದು ಇದೆ ಅನ್ನುವುದನ್ನು ಮಾತಿನಲ್ಲಿ ಬಳಸಿಕೊಳ್ಳಿ ಅಂದೆ. ಹೇಗೆ ಅಂತ ಮುಂದೆ ಬರುತ್ತದೆ.

ಎರಡನೇ ಸಲ ಹೆಂಡತಿಯನ್ನೂ ಕರೆದುಕೊಂಡು ಬರಲು ಹೇಳಿದೆ. ಅವರನ್ನು ಸವಿತಾ ಅನ್ನೋಣ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ತಿಂಗಳಿಗೆ ಎಷ್ಟು ಅಂದರೆ ಮಂಜುನಾಥ "ಏಳೆಂಟು ಸಾವಿರ" ಅಂದರು, ಸವಿತಾ ಸುಮ್ಮನೆ ಗಂಡನ ಮುಖ ನೋಡಿ "ಆಷಾಢದಲ್ಲಿ ಐದೂ ದಾಟಲ್ಲ" ಅಂದರು. ಐದು ಅಂತಲೇ ಬರೆದುಕೊಂಡೆವು. ಇಂಥ ಲೆಕ್ಕಕ್ಕೆ ಕೆಟ್ಟ ತಿಂಗಳ ಅಂಕಿಯೇ ಬೇಕು.

ಬಾಡಿಗೆ ಬಿಟ್ಟು ಖರ್ಚು ಕೂಡಿಸಿದೆವು. ದಿನಸಿ, ಹಾಲು, ಗ್ಯಾಸ್, ಬೈಕ್ ಕಂತು, ಸಂಘದ ಕಂತು, ಸ್ಕೂಲ್ ವ್ಯಾನ್, ಅಮ್ಮನ ಮಾತ್ರೆ, ಕರೆಂಟು, ಮೊಬೈಲು ಸೇರಿ 13,500. ಹೊಲಿಗೆಯ ಐದು ಸಾವಿರ ಕಳೆದರೆ ಪ್ರತಿ ತಿಂಗಳು 8,500 ಸಾಲದು. ಕಾರ್ಖಾನೆಯ ಲೆಕ್ಕ ಚುಕ್ತಾ ಆಗಿ ಬರಬೇಕಿದ್ದದ್ದು 42,000. ಜುಲೈ ಹೇಗೋ ಹಳೆಯ ಸಂಬಳದಲ್ಲಿ ಕಳೆಯುತ್ತಿತ್ತು. ಆಗಸ್ಟ್‌ನಿಂದ ಪೂರ್ತಿ ಬಾಡಿಗೆ ಕೊಟ್ಟರೆ ತಿಂಗಳಿಗೆ 17,000 ಕೈಬಿಡುತ್ತದೆ, ಅಂದರೆ ಆ ದುಡ್ಡು ಎರಡೂವರೆ ತಿಂಗಳಿಗೂ ಪೂರ್ತಿ ಸಾಲದು. ಬಾಡಿಗೆ 5,000 ಆದರೆ 13,500 ಹೋಗುತ್ತದೆ, ಮೂರು ತಿಂಗಳು ನಡೆಯುತ್ತದೆ.

ಮಂಜುನಾಥ ಆ ಕಾಗದವನ್ನೇ ನೋಡುತ್ತಾ ಕೂತರು. "ಇಷ್ಟೇನಾ ಸರ್? ಇಪ್ಪತ್ತು ದಿನ ಸಿಗುತ್ತೆ ಅಷ್ಟೇ ಅಲ್ವಾ?"

ಹೌದು, ಅಷ್ಟೇ. ಬಾಡಿಗೆ ಇಳಿದರೆ ಆರು ತಿಂಗಳು ಆರಾಮ ಅಂತ ಅವರು ಅಂದುಕೊಂಡಿದ್ದರು. ಸಿಗುವುದು ಮೂರು ವಾರದ ಉಸಿರು. ಇದು ಗೊತ್ತಾದ ಮೇಲೆಯೇ ಅವರು ಪಾರ್ಕ್ ಬಿಟ್ಟು ಕೆಲಸ ಹುಡುಕಲು ಹೊರಟದ್ದು, ಮಗಳಿಗೂ ವಿಷಯ ಹೇಳಿದ್ದು. ನಾನು ಎಷ್ಟು ಬುದ್ಧಿ ಹೇಳಿದ್ದರೂ ಅಷ್ಟು ಬೇಗ ಆಗುತ್ತಿರಲಿಲ್ಲ.

ಆಮೇಲೆ ವಾಪಸು ಕೊಡುವ ಲೆಕ್ಕ. ಮೂರು ತಿಂಗಳು ತಲಾ 3,500 ಉಳಿಸಿಕೊಂಡರೆ ಬಾಕಿ 10,500. "ಕೆಲಸ ಸಿಕ್ಕಿದ ಎರಡೇ ತಿಂಗಳಲ್ಲಿ ತೀರಿಸ್ತೀನಿ ಅಂತ ಹೇಳ್ತೀನಿ" ಅಂದರು, ಓನರ್‌ಗೆ ಖುಷಿಯಾಗಲಿ ಅಂತ. ಈ ಖುಷಿಪಡಿಸುವ ಮಾತೇ ಮುಂದೆ ಮಾತು ತಪ್ಪಿಸುವುದು. ಹೊಸ ಕೆಲಸದಲ್ಲಿ ಹಳೆಯ ಸಂಬಳ ಸಿಗುತ್ತದೆ ಅಂತ ಯಾರು ಹೇಳಿದರು? 20,000 ಅಂತ ಹಿಡಿಯೋಣ. ಹೊಲಿಗೆ ಸೇರಿ 25,000, ಖರ್ಚು ಕಳೆದರೆ ಉಳಿಯುವುದು 11,500. ಎರಡು ತಿಂಗಳಲ್ಲಿ ತೀರಿಸಲು ಬಾಡಿಗೆ ಸೇರಿ 13,750 ಬೇಕು, ಆಗುವುದಿಲ್ಲ. ಆರು ಕಂತು ಮಾಡಿದರೆ 10,250, ಆಗುತ್ತದೆ. ಜೊತೆಗೆ ಇನ್ನೊಂದು, ಕೆಲಸಕ್ಕೆ ಸೇರಿದ ದಿನ ಸಂಬಳ ಬರುವುದಿಲ್ಲ, ತಿಂಗಳು ಮುಗಿದ ಮೇಲೆ ಬರುತ್ತದೆ. ಅದಕ್ಕೇ ಮೊದಲ ಪೂರ್ತಿ ಸಂಬಳದಿಂದ ಪೂರ್ತಿ ಬಾಡಿಗೆ, ಅದರ ಮುಂದಿನ ತಿಂಗಳಿಂದ ಬಾಕಿಯ ಕಂತು ಅಂತ ಮಾಡಿದೆವು.

ಇನ್ನು ಮಾತಾಡುವುದು. ನಾನು ಮೇಷ್ಟ್ರ ಜಾಗದಲ್ಲಿ ಕೂತು ಒಂದು ಸಲ ಹೇಳಿಸಿ ನೋಡಿದೆ. ಮಂಜುನಾಥ ಕಾರ್ಖಾನೆಯವರು ಮಾಡಿದ ಅನ್ಯಾಯದಿಂದ ಶುರು ಮಾಡಿದರು, ಹತ್ತು ನಿಮಿಷ ಆದರೂ ಬಾಡಿಗೆಯ ಸುದ್ದಿಗೆ ಬರಲಿಲ್ಲ. ಅನ್ಯಾಯ ಆದದ್ದು ನಿಜ, ಅದನ್ನು ನನ್ನ ಹತ್ತಿರ ಹೇಳಿಕೊಳ್ಳಿ, ಮೇಷ್ಟ್ರಿಗೆ ಅದು ನೆಪದ ಥರ ಕೇಳುತ್ತದೆ ಅಂದೆ. ಮೊದಲ ಎರಡು ಮಾತಿನಲ್ಲಿ ಕೆಲಸ ಹೋದದ್ದು ಮತ್ತು ಏನು ಬೇಕು ಅನ್ನುವುದು ಬಂದುಬಿಡಬೇಕು. "ಬಾಡಿಗೆ ಕಮ್ಮಿ ಮಾಡಿ" ಅನ್ನಬಾರದು, ಅದು ಮಾಫಿ ಕೇಳಿದ ಹಾಗೆ. "ಮೂರು ತಿಂಗಳು ಇಷ್ಟು ಕೊಡ್ತೀನಿ, ಉಳಿದದ್ದು ಬಾಕಿ ಇಟ್ಟುಕೊಳ್ಳಿ" ಅನ್ನಬೇಕು. ಆಗಸ್ಟ್ ಐದನೇ ತಾರೀಕು ಬಾಡಿಗೆ ಕೊಡಬೇಕಾದ ದಿನ ಹೋಗದೆ, ಜುಲೈ ಇಪ್ಪತ್ತರ ಹೊತ್ತಿಗೇ ಹೋಗಲು ಹೇಳಿದೆ. ಬಾಡಿಗೆ ಬಾಕಿ ಬೀಳುವ ಮೊದಲು ಹೇಳಿದರೆ ಅದು ವಿಷಯ ತಿಳಿಸಿದ ಹಾಗೆ, ಬಿದ್ದ ಮೇಲೆ ಹೇಳಿದರೆ ಸಿಕ್ಕಿಬಿದ್ದ ಹಾಗೆ.

ಗಂಡ ಹೆಂಡತಿ ಇಬ್ಬರೂ ಹೋದರು. ಸವಿತಾ ಆಮೇಲೆ ನನಗೆ ಹೇಳಿದ್ದು ಹೀಗೆ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು, ಎದ್ದು ಹೋಗಿ ಬ್ಯಾಂಕ್ ಪಾಸ್‌ಬುಕ್ ತಂದು ಟೀಪಾಯಿ ಮೇಲಿಟ್ಟರಂತೆ.

"ನೋಡಪ್ಪಾ, ಮೇಲಿನ ಮನೆ ಕಟ್ಟಿದ ಸಾಲ ಇನ್ನೂ ಇದೆ. ಕಂತು 6,200. ನಿನ್ನ ಬಾಡಿಗೆ ಅಷ್ಟು ಬಂದರೆ ಅದು ಹೋಗುತ್ತೆ, ಅದಕ್ಕಿಂತ ಕಮ್ಮಿಯಾದರೆ ನನ್ನ ಪಿಂಚಣಿಗೆ ಕೈ ಹಾಕಬೇಕು. ಐದು ಆಗಲ್ಲ."

ಮಂಜುನಾಥರಿಗೆ ಮುಖ ಕೆಂಪಾಯಿತಂತೆ, ಎದ್ದು ಬರುವುದರಲ್ಲಿದ್ದರು. ಸವಿತಾ "ನಾಳೆ ಹೇಳ್ತೀವಿ ಮೇಷ್ಟ್ರೇ" ಅಂದು ಕರೆದುಕೊಂಡು ಬಂದರು. ಇದು ನಾನು ಹೇಳಿಕೊಟ್ಟದ್ದಲ್ಲ, ಆದರೆ ಇಡೀ ಪ್ರಕರಣದಲ್ಲಿ ಇದಕ್ಕಿಂತ ಚೆನ್ನಾದ ಮಾತು ಯಾರೂ ಆಡಲಿಲ್ಲ. ಮೇಷ್ಟ್ರು ಇಲ್ಲ ಅಂದಿರಲಿಲ್ಲ, ತಮ್ಮ ಕಷ್ಟ ಎಲ್ಲಿ ಶುರುವಾಗುತ್ತದೆ ಅಂತ ಅಂಕಿ ಹೇಳಿದ್ದರು. ಎದುರಿನವರು ಅಂಕಿ ಹೇಳಿದರೆ ಅಲ್ಲಿ ಜಾಗ ಇದೆ ಅಂತಲೇ ಅರ್ಥ.

ಬಾಡಿಗೆ 6,200 ಅಂದರೆ ಮನೆ ಖರ್ಚಿಗೆ ಸಾಲದ 8,500 ಸೇರಿ ಮೂರು ತಿಂಗಳಿಗೆ 44,100 ಬೇಕು, ಇರುವುದು 42,000. ತಿಂಗಳಿಗೆ 700 ಸಾಲದು. ಅದಕ್ಕೆ ಅರಕಲಗೂಡಿನ ಕಡೆ ಇರುವ ಅಣ್ಣನ ಮನೆಯಿಂದ ಅಕ್ಕಿ, ರಾಗಿ ತಂದರು. ಅಣ್ಣನ ಹತ್ತಿರ ದುಡ್ಡು ಕೇಳಲು ಬಾಯಿ ಬಾರದ ಮನುಷ್ಯ ರಾಗಿ ಕೇಳಲು ಹಿಂದೆಮುಂದೆ ನೋಡಲಿಲ್ಲ. ಬಾಕಿಯೂ 6,900ಕ್ಕೆ ಇಳಿಯಿತು, ಆರು ಕಂತಾದರೆ ತಿಂಗಳಿಗೆ 1,150.

ಬಾಯಿಮಾತು ಸಾಕು ಅಂತ ಮೇಷ್ಟ್ರು ಅಂದರೂ ಬರೆದುಕೊಡಿ ಅಂದೆ. ಸ್ಟಾಂಪ್ ಪೇಪರ್ ಏನೂ ಬೇಡ, ಬಿಳಿ ಹಾಳೆಯಲ್ಲಿ ಎರಡು ಪ್ರತಿ, ಇಬ್ಬರ ಸಹಿ. ಅವರು ಬರೆದದ್ದು ಇಷ್ಟು:

"ಕೆಲಸ ಹೋಗಿರುವುದರಿಂದ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳು ತಲಾ 6,200 ರೂ. ಕೊಡುತ್ತೇನೆ. ಕರಾರಿನ ಬಾಡಿಗೆ 8,500 ಹಾಗೇ ಇರುತ್ತದೆ. ಉಳಿದ 2,300ರಂತೆ ಒಟ್ಟು 6,900 ರೂ. ನನ್ನ ಬಾಕಿ. ಮೊದಲ ಪೂರ್ತಿ ಸಂಬಳದಿಂದ ಪೂರ್ತಿ ಬಾಡಿಗೆ, ಮುಂದಿನ ತಿಂಗಳಿಂದ 1,150ರಂತೆ ಆರು ಕಂತು. ಸಂಬಳ 20,000ಕ್ಕಿಂತ ಕಮ್ಮಿಯಾದರೆ ಕಂತು ಶುರುವಾಗುವ ಮೊದಲೇ ಬಂದು ಮಾತಾಡುತ್ತೇನೆ. ಅಕ್ಟೋಬರ್ 15ರೊಳಗೆ ಕೆಲಸ ಸಿಗದಿದ್ದರೆ ನವೆಂಬರ್ ಕೊನೆಗೆ ಮನೆ ಖಾಲಿ ಮಾಡುತ್ತೇನೆ, ಬಾಕಿಯನ್ನೂ ನವೆಂಬರ್ ಬಾಡಿಗೆಯನ್ನೂ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಬಹುದು."

ಕೊನೆಯ ವಾಕ್ಯ ಬರೆಯಲು ಮಂಜುನಾಥ ಒಪ್ಪಿರಲಿಲ್ಲ, ನಾವೇ ಹೊರಗೆ ಹಾಕಿ ಅಂದ ಹಾಗಾಗುತ್ತದೆ ಅಂತ. ಅದು ಹಾಗಲ್ಲ. ಈ ಸಹಾಯಕ್ಕೆ ಕೊನೆ ಎಲ್ಲಿ ಅಂತ ಗೊತ್ತಿಲ್ಲದಿದ್ದರೆ ಒಳ್ಳೆಯ ಮನಸ್ಸಿನ ಓನರ್ ಕೂಡ ಮೊದಲ ತಿಂಗಳಿಂದಲೇ ಅನುಮಾನ ಪಡುತ್ತಾರೆ. ಅಡ್ವಾನ್ಸ್ ಬಳಸಿಕೊಳ್ಳಿ ಅಂದೆನಲ್ಲ, ಅದು ಇಲ್ಲಿ. 60,000ದಲ್ಲಿ ಬಾಕಿ ಮತ್ತು ಒಂದು ತಿಂಗಳ ಬಾಡಿಗೆ ಹೋದರೂ 44,600 ಉಳಿಯುತ್ತದೆ. ಪೇಂಟಿಂಗ್ ಖರ್ಚು ಮುರಿದರೂ ಚಿಕ್ಕ ಮನೆಯ ಅಡ್ವಾನ್ಸ್‌ಗೆ ಸಾಕು. ಮೇಷ್ಟ್ರ ದುಡ್ಡಿಗೂ ಭಯ ಇಲ್ಲ. ಮೇಷ್ಟ್ರು ಒಂದೇ ಸಾಲು ಸೇರಿಸಿದರು. ಹನ್ನೊಂದು ತಿಂಗಳ ಕರಾರು ನಡುವೆ ಮುಗಿದರೆ ಬಾಕಿ ಹೊಸ ಕರಾರಿಗೂ ಬರುತ್ತದೆ ಅಂತ. ಇದು ನನಗೇ ಹೊಳೆದಿರಲಿಲ್ಲ.

ಫೋನ್‌ಪೇಯಲ್ಲಿ ದುಡ್ಡು ಹಾಕುವಾಗ "ಆಗಸ್ಟ್ ಬಾಡಿಗೆ, ಬಾಕಿ 2,300" ಅಂತ ಬರೆದು ಕಳಿಸಿ ಅಂತಲೂ ಹೇಳಿದೆ. ಆರು ತಿಂಗಳಾದ ಮೇಲೆ ಯಾರಿಗೂ ಏನೂ ಸರಿಯಾಗಿ ನೆನಪಿರುವುದಿಲ್ಲ.

ಅಕ್ಟೋಬರ್ ಮೊದಲ ವಾರ ಬಿ.ಎಂ. ರಸ್ತೆಯ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಸಂಬಳ 18,500. ನವೆಂಬರ್‌ನಲ್ಲಿ ಪೂರ್ತಿ ಬಾಡಿಗೆ ಕೊಟ್ಟರು. ಆದರೆ ಕಂತು ಸೇರಿಸಿದರೆ ತಿಂಗಳಿಗೆ ಉಳಿಯುವುದು 350, ಒಂದು ಜ್ವರ ಬಂದರೆ ಎಲ್ಲ ತಲೆಕೆಳಗು. "ಹೇಗೋ ಮಾಡ್ತೀನಿ ಸರ್" ಅಂತ ಫೋನ್ ಮಾಡಿದರು. ಹೇಗೋ ಬೇಡ, ಕಾಗದದಲ್ಲಿ ಬರೆದ ಹಾಗೆ ಈಗಲೇ ಹೋಗಿ ಹೇಳಿ ಅಂದೆ. ಹೋದರು. ಆರು ಕಂತು ಹತ್ತಾಯಿತು, ತಿಂಗಳಿಗೆ 690. ಮೇಷ್ಟ್ರು ಅದೇ ಹಾಳೆಯ ಹಿಂದೆ ಹತ್ತು ಗೆರೆ ಎಳೆದು ಇಟ್ಟುಕೊಂಡಿದ್ದಾರಂತೆ, ಮಾರ್ಚ್‌ನಲ್ಲಿ ನಾಲ್ಕನೆಯದಕ್ಕೆ ಕೆಂಪು ಇಂಕಿನಲ್ಲಿ ರೈಟ್ ಹಾಕಿದರಂತೆ.